ಅಡಿಕೆ ಸುಲಿಯುವ ಯಂತ್ರದ ಕ್ಲೇಮುಗಳಿಗೆ ಕ್ರಮಸಂಖ್ಯೆ ಕೊಟ್ಟ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ತಾವೇ ರೂಪಿಸಿದ ಅಡಿಕೆ ಸುಲಿಯುವ ಯಂತ್ರಕ್ಕೆ ಪೇಟೆಂಟ್ ಅರ್ಜಿ ಹಾಕಲು ನನ್ನ ಬಳಿಗೆ ಬಂದಾಗ ನಾನು ಬರೆದ ಮೊದಲ ಕರಡಿನಲ್ಲಿ ಆರು ಕ್ಲೇಮುಗಳಿದ್ದವು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಹೇಳುವ ಕ್ರಮಸಂಖ್ಯೆಯ ವಾಕ್ಯಗಳು. ಅರ್ಜಿಯ ಭಾಷೆ ಇಂಗ್ಲಿಷ್. ಇಲ್ಲಿ ಅದರ ತಿರುಳನ್ನು ಕನ್ನಡದಲ್ಲಿ ಹೇಳುತ್ತೇನೆ.

ಮೊದಲನೆಯದು ಬೇರೆ ಯಾವ ಕ್ಲೇಮನ್ನೂ ಉಲ್ಲೇಖಿಸದ ಸ್ವತಂತ್ರ ಕ್ಲೇಮು: ಒಂದು ಚೌಕಟ್ಟು, ತಿರುಗುವ ಒಂದು ಡ್ರಮ್, ಒಂದು ಸ್ಪ್ರಿಂಗಿನ ಒತ್ತಡದಿಂದ ಡ್ರಮ್ಮಿನತ್ತ ಬಾಗುವ ಒಂದು ತಟ್ಟೆ ಇರುವ ಯಂತ್ರ. ಎರಡನೆಯದು, ಕ್ಲೇಮು 1ರ ಯಂತ್ರದ ಡ್ರಮ್ಮಿಗೆ ಅಲಗುಗಳಿರುವುದು. ಮೂರನೆಯದು, ಕ್ಲೇಮು 2ರ ಸದರಿ ಅಲಗುಗಳ ತುದಿಗೆ ರಬ್ಬರ್ ಇರುವುದು. ನಾಲ್ಕನೆಯದು, ಕ್ಲೇಮು 2ರ ಸದರಿ ಅಲಗುಗಳನ್ನು ಬಿಚ್ಚಿ ತೆಗೆಯಬಹುದಾಗಿರುವುದು. ಐದನೆಯದು, ಕ್ಲೇಮು 1ರ ಸದರಿ ಸ್ಪ್ರಿಂಗಿನ ಬಿಗಿಯನ್ನು ಹೊಂದಿಸುವ ತಿರುಪು. ಆರನೆಯದು ಸುಲಿಯುವ ವಿಧಾನದ ಮೇಲಿನ ಸ್ವತಂತ್ರ ಕ್ಲೇಮು.

ಆಮೇಲೆ ಅವರು ಅಡಿಕೆ ಸುರಿಯುವ ಹಾಪರನ್ನೂ ಸೇರಿಸಲು ಕೇಳಿದರು. ಅದನ್ನು ಕ್ಲೇಮು 1ನ್ನು ಅವಲಂಬಿಸುವ ಕ್ಲೇಮು 2 ಎಂದು ನಡುವೆ ಸೇರಿಸಿದೆ. ಹಿಂದಿನ 2 ಈಗ 3 ಆಯಿತು, ಉಳಿದವೂ ಒಂದೊಂದು ಕೆಳಗಿಳಿದವು. ಅಲಗುಗಳ ಕ್ಲೇಮಿನ ಕೆಳಗಿನ ಕ್ಲೇಮುಗಳಲ್ಲಿ ಉಲ್ಲೇಖಗಳನ್ನು ಸರಿಪಡಿಸಲು ಎಲ್ಲ ಕಡೆ ಒಂದನ್ನು ಕೂಡಿಸುತ್ತ ಹೋದದ್ದೇ ನನ್ನ ತಪ್ಪು. ರಬ್ಬರಿನ ಕ್ಲೇಮಿನಲ್ಲಿದ್ದ ಉಲ್ಲೇಖ 2ರಿಂದ 3ಕ್ಕೆ ಬದಲಾದದ್ದು ಸರಿಯೇ, ಏಕೆಂದರೆ ಅಲಗುಗಳೇ ಸ್ಥಾನ ಬದಲಿಸಿದ್ದವು. ಆದರೆ ತಿರುಪಿನ ಕ್ಲೇಮಿನಲ್ಲಿದ್ದ 1 ಕೂಡ 2 ಆಯಿತು. ಕ್ಲೇಮು 1 ತನ್ನ ಜಾಗದಲ್ಲೇ ಇತ್ತು. ಹೊಸದು ಸೇರಿದ ಸ್ಥಾನಕ್ಕಿಂತ ಮೊದಲಿನ ಸಂಖ್ಯೆಗಳು ಕದಲುವುದಿಲ್ಲ.

ಈ ತಪ್ಪು ಓದುವಾಗ ಸಿಗುವುದಿಲ್ಲ. ರಬ್ಬರಿನ ಕ್ಲೇಮಿನ ಉಲ್ಲೇಖ ತಪ್ಪಿ ಹಾಪರಿನತ್ತ ಹೋಗಿದ್ದರೆ "ಸದರಿ ಅಲಗುಗಳು" ಎಂಬ ಮಾತಿಗೆ ಹಿಂದೆಲ್ಲೂ ಆಧಾರವಿಲ್ಲದೆ ಕಣ್ಣಿಗೆ ಬೀಳುತ್ತಿತ್ತು. ಸ್ಪ್ರಿಂಗು ಮಾತ್ರ ಕ್ಲೇಮು 1ರಲ್ಲಿಯೇ ಇರುವುದರಿಂದ, ಕ್ಲೇಮು 2ರ ಮೂಲಕ ಬಂದರೂ ಮಾತು ಹೊಂದುತ್ತದೆ. ಆದರೆ ಅವಲಂಬಿತ ಕ್ಲೇಮು ತಾನು ಹೆಸರಿಸಿದ ಕ್ಲೇಮಿನ ಎಲ್ಲ ಅಂಶಗಳನ್ನೂ ಹೊತ್ತುಕೊಳ್ಳುವುದರಿಂದ, ಹಾಪರ್ ಇಲ್ಲದೆ ತಿರುಪು ಮಾತ್ರ ಇರುವ ಯಂತ್ರ ಆ ಕ್ಲೇಮಿನ ಹೊರಗೆ ಉಳಿದುಬಿಡುತ್ತಿತ್ತು. ಸಲ್ಲಿಸುವ ಮುನ್ನ ಅವಲಂಬನೆಯನ್ನು ಕವಲುಗಳಾಗಿ ಹಾಳೆಯ ಮೇಲೆ ಬರೆದು ನೋಡಿದಾಗ, ತಿರುಪು ಹಾಪರಿನಡಿ ನೇತಾಡುತ್ತಿರುವುದು ಕಂಡಿತು.

ಅಂದಿನಿಂದ ಕರಡಿನಲ್ಲಿ ಸಂಖ್ಯೆ ಬರೆಯುವುದಿಲ್ಲ. ಪ್ರತಿ ಕ್ಲೇಮಿಗೂ ಒಂದು ಹೆಸರಿಟ್ಟು ಉಲ್ಲೇಖದಲ್ಲೂ ಅದನ್ನೇ ಬಳಸುತ್ತೇನೆ.

```
[ಯಂತ್ರ]
[ಅಲಗು]   : [ಯಂತ್ರ]
[ರಬ್ಬರ್]  : [ಅಲಗು]
[ಬಿಚ್ಚು]   : [ಅಲಗು]
[ತಿರುಪು]  : [ಯಂತ್ರ]
[ಹಾಪರ್]  : [ಯಂತ್ರ]
[ವಿಧಾನ]
```

ಕ್ರಮ ನಿಂತ ಮೇಲೆ ಹೆಸರುಗಳ ಬದಲು 1ರಿಂದ 7ರವರೆಗಿನ ಸಂಖ್ಯೆಗಳನ್ನು ಒಮ್ಮೆಗೇ ಹಾಕುತ್ತೇನೆ. ಹಾಪರನ್ನು ಈಗ ಯಂತ್ರದ ಅವಲಂಬಿತ ಕ್ಲೇಮುಗಳ ಕೊನೆಗೆ ಇಟ್ಟಿದ್ದೇನೆ. ಅದರ ಕೆಳಗೆ ಸಂಖ್ಯೆ ಬದಲಾಗುವುದು ವಿಧಾನದ ಕ್ಲೇಮಿನದು ಮಾತ್ರ, ಅದು ಯಾವುದನ್ನೂ ಉಲ್ಲೇಖಿಸುವುದಿಲ್ಲ.