ಮರುಪಾವತಿ ಶೇ 99 ಇದ್ದರೂ ಸಂಘ ನಷ್ಟದಲ್ಲಿರಬಹುದು: ಲೆಕ್ಕ ಹಾಕುವುದು ಹೇಗೆ?

ಕಿರುಸಾಲ ಕೊಡುವ ಸಂಘದ ಸ್ಥಿತಿ ಹೇಗಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ನಮ್ಮ ಮರುಪಾವತಿ ಶೇ 99.’ ಕೇಳಲು ಚೆನ್ನಾಗಿದೆ. ಆದರೆ ಈ ಅಂಕಿಯನ್ನು ಹೇಗೆ ಲೆಕ್ಕ ಹಾಕಿದ್ದಾರೆ ಎಂದು ಕೇಳುವವರು ಕಡಿಮೆ. ಕೇಳಲೇಬೇಕು, ಯಾಕೆಂದರೆ ಸಂಘ ಇನ್ನೂ ಐದು ವರ್ಷ ನಡೆಯುತ್ತದೋ ಇಲ್ಲವೋ ಎನ್ನುವುದು ಅದರಲ್ಲೇ ಅಡಗಿರಬಹುದು.

ಲೆಕ್ಕಕ್ಕೆ ಒಂದು ಸಂಘವನ್ನು ಊಹಿಸಿಕೊಳ್ಳೋಣ. 200 ಜನ ಸಾಲಗಾರರು. ಪ್ರತಿಯೊಬ್ಬರಿಗೂ 12,000 ರೂಪಾಯಿ ಸಾಲ, ತಿಂಗಳಿಗೆ 1,000ದಂತೆ 12 ಕಂತು. ಕೆಲವರು ಈಗಷ್ಟೇ ಸಾಲ ಪಡೆದಿದ್ದಾರೆ, ಕೆಲವರದ್ದು ಮುಗಿಯುತ್ತಾ ಬಂದಿದೆ. ಹಾಗಾಗಿ ಸರಾಸರಿ ಒಬ್ಬರಿಂದ 6,000, ಒಟ್ಟು 12 ಲಕ್ಷ ಬರಬೇಕಿದೆ. ಸದ್ಯಕ್ಕೆ ಅಸಲು ಮಾತ್ರ ನೋಡೋಣ, ಬಡ್ಡಿ ಆಮೇಲೆ.

ಮೊದಲ ಲೆಕ್ಕ: ಮರುಪಾವತಿ ದರ

ಈ ತಿಂಗಳು ಕಟ್ಟಬೇಕಾದ ಕಂತು ಎಷ್ಟು, ಅದರಲ್ಲಿ ಬಂದದ್ದೆಷ್ಟು ಎನ್ನುವುದೇ ಮರುಪಾವತಿ ದರ. 200 ಜನರಿಂದ 2 ಲಕ್ಷ ಬರಬೇಕಿತ್ತು. ಹತ್ತು ಜನ ಕಟ್ಟಲಿಲ್ಲ. ಬಂದದ್ದು 1,90,000, ಅಂದರೆ ಶೇ 95.

ಈಗ ತಪ್ಪು ಎಲ್ಲಿ ನುಸುಳುತ್ತದೆ ನೋಡಿ. ಅದೇ ತಿಂಗಳು ನಾಲ್ಕು ಜನ ಮುಂದಿನ ಎರಡೆರಡು ಕಂತನ್ನು ಮುಂಗಡವಾಗಿ ಕಟ್ಟಿದರು. ಒಟ್ಟು 8,000. ಕ್ಯಾಶ್ ಬುಕ್ಕಿನಲ್ಲಿ ಜಮಾ 1,98,000 ಎಂದಿದೆ. ಲೆಕ್ಕ ಬರೆಯುವವರು ಅದನ್ನೇ 2 ಲಕ್ಷದಿಂದ ಭಾಗಿಸಿದರೆ ಶೇ 99 ಬರುತ್ತದೆ! ಯಾರೂ ಸುಳ್ಳು ಬರೆದಿಲ್ಲ. ಆದರೆ ಮುಂದಿನ ತಿಂಗಳ ಹಣ ಈ ತಿಂಗಳ ತೂತನ್ನು ಮುಚ್ಚಿಬಿಟ್ಟಿತು. ಹಳೇ ಬಾಕಿ ವಸೂಲಾದಾಗಲೂ ಹೀಗೇ ಆಗುತ್ತದೆ. ಆದ್ದರಿಂದ ಮುಂಗಡ ಮತ್ತು ಹಳೇ ಬಾಕಿಯನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ. ಈ ತಿಂಗಳ ಕಂತಿಗೆ ಈ ತಿಂಗಳ ಕಂತನ್ನು ಮಾತ್ರ ಹೋಲಿಸಿ. ಯಾವುದಾದರೂ ತಿಂಗಳು ದರ ಶೇ 100 ದಾಟಿದ್ದರೆ ಬೇರೆ ಹಣ ಸೇರಿದೆ ಎಂದೇ ಅರ್ಥ.

ಇನ್ನೊಂದು ವಿಷಯ ಅನೇಕರಿಗೆ ಹೊಳೆಯುವುದೇ ಇಲ್ಲ. ಶೇ 95 ಎಂದರೆ ವರ್ಷಕ್ಕೆ ಶೇ 5 ನಷ್ಟ ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ಕಟ್ಟದೇ ಉಳಿದ ಹಣ ಕೊನೆಗೂ ಬರಲಿಲ್ಲ ಎಂದುಕೊಳ್ಳಿ. ನಮ್ಮ ಸಂಘ ವರ್ಷಕ್ಕೆ ಸುಮಾರು 24 ಲಕ್ಷ ಸಾಲ ಕೊಡುತ್ತದೆ. ಅದರ ಶೇ 5 ಎಂದರೆ 1,20,000. ಆದರೆ ಯಾವುದೇ ಹೊತ್ತಿನಲ್ಲಿ ಹೊರಗಿರುವ ಸಾಲ 12 ಲಕ್ಷ ಮಾತ್ರ ಅಲ್ವಾ? ಅದಕ್ಕೆ ಹೋಲಿಸಿದರೆ ನಷ್ಟ ಶೇ 10. ಸಾಲದ ಅವಧಿ ಹನ್ನೆರಡು ತಿಂಗಳ ಬದಲು ಮೂರೇ ತಿಂಗಳಿದ್ದರೆ ಅದೇ 12 ಲಕ್ಷ ವರ್ಷದಲ್ಲಿ ನಾಲ್ಕು ಪಟ್ಟು ಜಾಸ್ತಿ ಸುತ್ತುತ್ತದೆ. ಆಗ ಅದೇ ಶೇ 95 ಮರುಪಾವತಿಗೆ ವರ್ಷದ ನಷ್ಟ ಶೇ 40! ಸಾಲದ ಅವಧಿ ಹೇಳದೆ ಕೊಟ್ಟ ಮರುಪಾವತಿ ದರವನ್ನು ನಂಬಬೇಡಿ.

ಎರಡನೆಯ ಲೆಕ್ಕ: ಪೋರ್ಟ್‌ಫೋಲಿಯೋ ಅಟ್ ರಿಸ್ಕ್

ಹೊರಗಿರುವ ಸಾಲದಲ್ಲಿ ಎಷ್ಟು ಅಪಾಯದಲ್ಲಿದೆ ಎಂದು ಇದು ಹೇಳುತ್ತದೆ. ಕಂತು 30 ದಿನಕ್ಕಿಂತ ಹೆಚ್ಚು ಸುಸ್ತಿಯಾದ ಸಾಲಗಳನ್ನು ಪಟ್ಟಿ ಮಾಡಿ. ಪ್ರತಿ ಸಾಲದಲ್ಲೂ ತಪ್ಪಿದ ಕಂತನ್ನಷ್ಟೇ ಅಲ್ಲ, ಇನ್ನೂ ಬರಬೇಕಾದ ಪೂರ್ತಿ ಅಸಲನ್ನು ಕೂಡಿಸಿ. ಆ ಮೊತ್ತವನ್ನು ಒಟ್ಟು ಹೊರಬಾಕಿಯಿಂದ ಭಾಗಿಸಿ, ನೂರರಿಂದ ಗುಣಿಸಿ.

ನಮ್ಮ ಸಂಘದ ಆ ಹತ್ತು ಜನ ಮೂರು ಕಂತು ಕಟ್ಟಿ, ಆಮೇಲಿನ ಮೂರು ಕಂತು ತಪ್ಪಿಸಿದ್ದಾರೆ. ತಪ್ಪಿದ್ದು ತಲಾ 3,000, ಒಟ್ಟು 30,000. 12 ಲಕ್ಷಕ್ಕೆ ಇದು ಶೇ 2.5. ಬಹಳ ಸಂಘಗಳು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಸತತ ಮೂರು ತಿಂಗಳು ಕಟ್ಟದವರು ಉಳಿದ ಆರು ಕಂತನ್ನು ಸರಿಯಾಗಿ ಕಟ್ಟುತ್ತಾರೆ ಎಂದು ಹೇಗೆ ನಂಬುವುದು? ಅವರಿಂದ ಬರಬೇಕಾದ ಅಸಲು ತಲಾ 9,000, ಒಟ್ಟು 90,000. ಅಂದರೆ ಶೇ 7.5. ನಿಜವಾದ ಅಂಕಿ ಇದೇ. ಅಡಮಾನವಿಲ್ಲದ ಸಾಲದಲ್ಲಿ ಇದು ಶೇ 10 ದಾಟಿದರೆ ಅಪಾಯದ ಗಂಟೆ ಎಂದೇ ಈ ಕ್ಷೇತ್ರದವರು ನೋಡುತ್ತಾರೆ.

ಈ ಅಂಕಿಯನ್ನೂ ತಗ್ಗಿಸಿ ತೋರಿಸಲು ದಾರಿಗಳಿವೆ. ಸುಸ್ತಿದಾರರಿಗೆ ಹೊಸ ಸಾಲ ಕೊಟ್ಟು ಹಳೆಯದನ್ನು ಚುಕ್ತಾ ಮಾಡಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಇನ್ನು ಬಾರದು ಎಂದು ಲೆಕ್ಕದಿಂದಲೇ ತೆಗೆದುಹಾಕಿದರೂ, ಅಂದರೆ ರೈಟ್ ಆಫ್ ಮಾಡಿದರೂ ಹೋಗುತ್ತದೆ. ಮೂರನೆಯದನ್ನು ಪತ್ತೆ ಹಚ್ಚುವುದು ಇನ್ನೂ ಕಷ್ಟ. ಸಂಘ ಒಮ್ಮೆಲೇ 50 ಜನರಿಗೆ ಹೊಸ ಸಾಲ ಕೊಟ್ಟಿತು ಎನ್ನಿ. ಹೊರಬಾಕಿ 18 ಲಕ್ಷಕ್ಕೆ ಏರಿತು. ಹಳೇ 90,000 ಹಾಗೇ ಇದೆ, ಆದರೆ ದರ ಶೇ 5ಕ್ಕೆ ಇಳಿಯಿತು. ಒಂದು ರೂಪಾಯಿ ಬಾಕಿಯೂ ವಸೂಲಾಗಿಲ್ಲ! ಹೊಸ ಸಾಲಕ್ಕೆ ಸುಸ್ತಿಯಾಗಲು ಇನ್ನೂ ಸಮಯವೇ ಸಿಕ್ಕಿಲ್ಲ, ಅಷ್ಟೇ. ಅದಕ್ಕೇ ಶೇಕಡಾವಾರು ಜೊತೆಗೆ ರೂಪಾಯಿ ಮೊತ್ತವನ್ನೂ ನೋಡಿ. ಆ ವರ್ಷ ರೈಟ್ ಆಫ್ ಮಾಡಿದ್ದೆಷ್ಟು, ಅವಧಿ ಬದಲಿಸಿ ಮತ್ತೆ ಬರೆದ ಸಾಲವೆಷ್ಟು ಎಂದು ಕೇಳಿ ಪಕ್ಕದಲ್ಲೇ ಬರೆದುಕೊಳ್ಳಿ.

ಮೂರನೆಯ ಲೆಕ್ಕ: ಒಬ್ಬ ಸಾಲಗಾರರಿಗೆ ತಗಲುವ ಖರ್ಚು

ಸಂಬಳ, ಓಡಾಟ, ಬಾಡಿಗೆ, ಕಾಗದಪತ್ರ ಎಲ್ಲ ಸೇರಿದ ವರ್ಷದ ಖರ್ಚನ್ನು ಸರಾಸರಿ ಸಾಲಗಾರರ ಸಂಖ್ಯೆಯಿಂದ ಭಾಗಿಸಿ. ವರ್ಷದ ಆರಂಭದಲ್ಲಿ 160 ಜನ, ಕೊನೆಯಲ್ಲಿ 200 ಎಂದರೆ ಸರಾಸರಿ 180. ಖರ್ಚು 90,000 ಆದರೆ ತಲಾ 500. ಸದಸ್ಯರೆಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಸಾಲ ಬಾಕಿ ಇರುವವರು ಮಾತ್ರ. ಒಬ್ಬರಿಗೇ ಎರಡು ಸಾಲವಿದ್ದರೂ ಅವರು ಒಬ್ಬರೇ. ಯಾರೋ ಬಿಟ್ಟಿಯಾಗಿ ಲೆಕ್ಕ ಬರೆಯುತ್ತಿದ್ದರೆ, ಸಂಬಳ ಕೊಟ್ಟಿದ್ದರೆ ಎಷ್ಟಾಗುತ್ತಿತ್ತೋ ಅದನ್ನೂ ಸೇರಿಸಿ. ಅವರು ನಾಳೆ ಬಿಟ್ಟುಹೋದರೆ ಆ ಖರ್ಚು ಸಂಘದ ಮೇಲೇ ಬೀಳುತ್ತದೆ.

ಈಗ ಮೂರನ್ನೂ ಜೋಡಿಸೋಣ. ಒಬ್ಬ ಸಾಲಗಾರರ ಸರಾಸರಿ ಬಾಕಿ 6,000. ಇಳಿಯುವ ಬಾಕಿಯ ಮೇಲೆ ವರ್ಷಕ್ಕೆ ಶೇ 24 ಬಡ್ಡಿ ಎಂದರೆ ಆದಾಯ 1,440. ಸಂಘ ತಾನು ತಂದ ಹಣಕ್ಕೆ ಶೇ 9 ಬಡ್ಡಿ ಕೊಡುತ್ತದೆ ಎನ್ನಿ, ಅದು 540. ನಿರ್ವಹಣೆ ಖರ್ಚು 500. ಮರುಪಾವತಿ ಶೇ 99 ಎಂದು ನಂಬಿದರೆ 12,000ದಲ್ಲಿ ಕಳೆದುಕೊಳ್ಳುವುದು 120. ಖರ್ಚೆಲ್ಲ ಸೇರಿ 1,160, ಉಳಿಯುವುದು 280. ನಿಜವಾದ ದರ ಶೇ 95 ಆಗಿದ್ದರೆ ಕಳೆದುಕೊಳ್ಳುವುದು 600. ಖರ್ಚು 1,640ಕ್ಕೆ ಏರಿ, ಪ್ರತಿ ಸಾಲಗಾರರ ಮೇಲೂ ವರ್ಷಕ್ಕೆ 200 ರೂಪಾಯಿ ಸಂಘದ ಕೈಯಿಂದ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಸಂಘಗಳು ಮೊದಲು ಕೈ ಹಾಕುವುದು ಆ 500ಕ್ಕೆ. ವಸೂಲಿಗೆ ಹೋಗುವವರನ್ನು ಕಡಿಮೆ ಮಾಡಿದರೆ ತಲಾ ಖರ್ಚು 400ಕ್ಕೆ ಇಳಿಯಬಹುದು. ಆದರೂ 100 ರೂಪಾಯಿ ನಷ್ಟ ಉಳಿಯುತ್ತದೆ. ಮೇಲಾಗಿ, ಒಂದು ಕಂತು ತಪ್ಪಿದ ಕೂಡಲೇ ಮನೆಗೆ ಹೋಗಿ ಮಾತಾಡುವವರು ಇಲ್ಲವಾಗುತ್ತಾರೆ. ಅದರ ಪರಿಣಾಮ 30 ದಿನದ ಪಟ್ಟಿಯಲ್ಲಿ ಕಾಣಲು ಒಂದೆರಡು ತಿಂಗಳು ಬೇಕು. ಖರ್ಚು ಇಳಿದ ಮೇಲೆ ಸುಸ್ತಿ ಏರಿದೆಯೇ ಎಂದು ತಿಳಿಯಲು ಕನಿಷ್ಠ ಆರು ತಿಂಗಳ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ನೋಡಿ.