88ರ ಹತ್ತಿರ ಡಾಲರ್ ಕೊಂಡದ್ದು: ನನ್ನ ಅನುಭವ

ಮಂಜೇಶ್ವರದ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಲೆಕ್ಕ ನೋಡುವವ ನಾನು. ಕಚ್ಚಾ ಬೀಜ ಆಫ್ರಿಕಾದಿಂದ ಬರುತ್ತದೆ, ಬಿಲ್ಲು ಡಾಲರಿನಲ್ಲಿ. ಹಾಗಾಗಿ ರೂಪಾಯಿ-ಡಾಲರ್ ಚಾರ್ಟ್ ನೋಡುವುದು ನನಗೆ ಶೋಕಿಯಲ್ಲ. ಗೆರೆ ಮೇಲೆ ಹೋದರೆ ರೂಪಾಯಿ ಇಳಿಯಿತು ಎಂದರ್ಥ, ನಮ್ಮ ಬಿಲ್ಲು ಏರಿತು ಎಂದೂ ಅರ್ಥ.

2025ರ ಫೆಬ್ರವರಿಯಲ್ಲಿ 90,000 ಡಾಲರಿನ ಒಂದು ಬಿಲ್ಲು ಕಟ್ಟಲಿಕ್ಕಿತ್ತು. ನಾನು ಯಾವಾಗಲೂ ಮೂರು ಪಾಲು ಮಾಡುತ್ತೇನೆ. ಮೊದಲ ಪಾಲನ್ನು ಚಾರ್ಟ್ ಏನೇ ಹೇಳಲಿ ತೆಗೆದುಬಿಡುವುದು. ಅದನ್ನು ಶುಕ್ರವಾರ 87.50ರ ಆಸುಪಾಸಿನಲ್ಲಿ ತೆಗೆದಾಗಿತ್ತು. ಸೋಮವಾರ, 10ನೇ ತಾರೀಕು, ಮಾರುಕಟ್ಟೆ ತೆರೆಯುತ್ತಲೇ ದರ 87.95 ಮುಟ್ಟಿತು. ಧನಿಗಳ ಫೋನು: “ಮಾರಾಯ್ರೆ, 88 ದಾಟಿದ್ರೆ ಮತ್ತೆ ನಿಲ್ಲುದುಂಟಾ? ಇವತ್ತೇ ಎಲ್ಲ ತೆಗೆದುಬಿಡಿ.”

ಆ ಹೊತ್ತಿಗೆ ನಮ್ಮಂಥ ಎಷ್ಟೋ ಆಮದುದಾರರ ಆಫೀಸಿನಲ್ಲಿ ಇದೇ ಮಾತು ನಡೆದಿರಬೇಕು. ದುಂಡು ಸಂಖ್ಯೆಯ ವಿಶೇಷ ಇರುವುದೇ ಇಲ್ಲಿ. ಮಾರ್ಚಿನಲ್ಲಿ ಕೊಳ್ಳಬೇಕಾದ ಡಾಲರನ್ನು ಹೆದರಿ ಇವತ್ತೇ ಕೊಳ್ಳುತ್ತಾರೆ. ರಫ್ತುದಾರರು ಇನ್ನೂ ಏರಲಿ ಎಂದು ಮಾರದೆ ಕೂರುತ್ತಾರೆ. ಗಲ್ಫಿನಲ್ಲಿರುವ ನಮ್ಮೂರಿನವರೂ ಅಷ್ಟೆ, ದಿರ್ಹಮಿಗೆ 24 ರೂಪಾಯಿ ಆಗಲಿ ಎಂದು ಆಗ ಊರಿಗೆ ದುಡ್ಡು ಕಳಿಸದೆ ಕಾಯುತ್ತಿದ್ದರು. ಒಂದು ಡಾಲರಿಗೆ 3.6725 ದಿರ್ಹಮ್ ಎಂಬುದು ಬದಲಾಗದ ಲೆಕ್ಕ, ಅಂದರೆ ಅವರ 24 ಎಂದರೆ ನಮ್ಮ 88.14! ಹೀಗೆ ಕೊಳ್ಳುವವರೆಲ್ಲ ಮುಂಚೆಯೇ ಕೊಂಡು, ಮಾರುವವರೆಲ್ಲ ತಡೆದು ನಿಂತಾಗ ಗೆರೆ ನೆಟ್ಟಗೆ ಏರುತ್ತದೆ. ಆದರೆ ಅಲ್ಲಿಂದ ಮುಂದೆ ಕೊಳ್ಳಲು ಯಾರೂ ಉಳಿದಿರುವುದಿಲ್ಲ. ಆಗ ರಿಸರ್ವ್ ಬ್ಯಾಂಕ್ ಸರ್ಕಾರಿ ಬ್ಯಾಂಕುಗಳ ಮೂಲಕ ದೊಡ್ಡ ಮೊತ್ತ ಮಾರಿತೆಂದರೆ, ಲಾಭಕ್ಕಾಗಿ ಡಾಲರ್ ಹಿಡಿದವರ ಸ್ಟಾಪ್‌ಲಾಸ್‌ಗಳು, ಅಂದರೆ ದರ ಇಷ್ಟಕ್ಕೆ ಇಳಿದರೆ ಮಾರಿಬಿಡಿ ಎಂದು ಮೊದಲೇ ಇಟ್ಟ ಆರ್ಡರ್‌ಗಳು, ಒಂದರ ಹಿಂದೆ ಒಂದು ಬೀಳುತ್ತವೆ. ವಾರಗಟ್ಟಲೆ ಏರಿದ್ದು ಒಂದೆರಡು ದಿನದಲ್ಲಿ ಇಳಿಯುವುದು ಹೀಗೆ.

ಎಣ್ಣೆಯ ಬೇಡಿಕೆ ಇದರಿಂದ ಬೇರೆ. ದೇಶಕ್ಕೆ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್ ಕಚ್ಚಾ ಎಣ್ಣೆ ಆಮದಾಗುತ್ತದೆ. ಬ್ಯಾರೆಲಿಗೆ 75 ಡಾಲರ್ ಹಿಡಿದರೂ ದಿನಕ್ಕೆ 37 ಕೋಟಿ ಡಾಲರ್ ಮೇಲಾಯಿತು. ದರ 85 ಇರಲಿ, 88 ಇರಲಿ, ಎಣ್ಣೆ ಕಂಪನಿಗಳು ಕೊಳ್ಳಲೇಬೇಕು. ಇದು ಹೆದರಿಕೆಯ ಖರೀದಿಯಲ್ಲ, ಗೆರೆಯನ್ನು ನಿಧಾನಕ್ಕೆ ಮೇಲೆ ತಳ್ಳುವ ಖಾಯಂ ಭಾರ. ಅದನ್ನು ತೆಗೆದರೆ ಏನಾಗುತ್ತದೆ ಎಂಬುದಕ್ಕೆ 2013ರ ಆಗಸ್ಟ್ ನೋಡಬೇಕು. 28ರಂದು ರೂಪಾಯಿ 68.80ಕ್ಕೆ ಮುಗಿಸಿತ್ತು, ಎಲ್ಲರ ಬಾಯಲ್ಲೂ 70ರ ಮಾತು. ಆ ಸಂಜೆ ರಿಸರ್ವ್ ಬ್ಯಾಂಕ್ ಮೂರು ಸರ್ಕಾರಿ ಎಣ್ಣೆ ಕಂಪನಿಗಳಿಗೆ ತಾನೇ ನೇರವಾಗಿ ಡಾಲರ್ ಕೊಡುವ ವ್ಯವಸ್ಥೆ ಮಾಡಿತು. ಮರುದಿನ ದರ 66.55ರ ಹತ್ತಿರ ಮುಗಿಯಿತು.

ಆದ್ದರಿಂದ ಆ ಸೋಮವಾರ ನಾನು ಮೊದಲು ನೋಡಿದ್ದು ಬ್ರೆಂಟ್ ಕಚ್ಚಾ ಎಣ್ಣೆಯ ದರವನ್ನು. ಅದು 75ರ ಆಸುಪಾಸಿನಲ್ಲಿ ಸುಮ್ಮನಿತ್ತು, ಅಂದರೆ ಎಣ್ಣೆಯಿಂದ ಹೊಸ ಒತ್ತಡ ಇಲ್ಲ. ಆಮೇಲೆ ಮಧ್ಯಾಹ್ನಕ್ಕೆ ಕಾದೆ. ಹನ್ನೊಂದೂವರೆಯಿಂದ ಹನ್ನೆರಡೂವರೆಯ ನಡುವೆ ದಿನದ ರೆಫರೆನ್ಸ್ ದರ ನಿಗದಿಯಾಗುವಾಗ ದೊಡ್ಡ ಆಮದುದಾರರ ಖರೀದಿ ಜೋರಾಗಿರುತ್ತದೆ. ಅದರ ಬಳಿಕವೂ ಗೆರೆ ಬೆಳಗಿನ 87.95ಕ್ಕೆ ಮರಳದಿದ್ದರೆ ಮೇಲೆ ಯಾರೋ ಕೂತು ಮಾರುತ್ತಿದ್ದಾರೆ ಎಂದು ನನ್ನ ಲೆಕ್ಕ. ಅಂದು ಮರಳಲಿಲ್ಲ.

ಆದರೂ ಬರೀ ಕಾಯುವುದು ಜೂಜು. ದರ 88.15ರ ಮೇಲೆ ಒಂದು ಗಂಟೆ ನಿಂತರೆ ಎರಡನೆಯ ಪಾಲು ತೆಗೆಯಿರಿ ಎಂದು ಬ್ಯಾಂಕಿನವರಿಗೆ ಹೇಳಿದ್ದೆ. ಸರಿಯಾಗಿ 88.00ಕ್ಕೆ ಆರ್ಡರ್ ಇಡುವುದಿಲ್ಲ, ಎಲ್ಲರ ಆರ್ಡರೂ ಅಲ್ಲೇ ಇರುವುದರಿಂದ ಗೆರೆ ಅಲ್ಲಿಗೆ ಒಮ್ಮೆ ಮುಟ್ಟಿ ಹಿಂದೆ ಬರುವುದುಂಟು. ಕೆಳಗೆ 86.90ಕ್ಕೆ ಇನ್ನೊಂದು ಆರ್ಡರ್ ಇತ್ತು. ಮಂಗಳವಾರ ಅದೇ ಆಯಿತು, ದಿನ ಮುಗಿದದ್ದು 86.83ರ ಹತ್ತಿರ. ಉಳಿದ 60,000 ಡಾಲರಿಗೆ 87.95ರ ಎದುರು ಸುಮಾರು 63,000 ರೂಪಾಯಿ ಉಳಿಯಿತು. ಬ್ಯಾಂಕಿನ ಮಾರ್ಜಿನ್ ಬೇರೆ. ಅದನ್ನು ಕೇಳಿ ಪೈಸೆಯ ಲೆಕ್ಕದಲ್ಲಿ ಮೊದಲೇ ಬರೆಸಿಕೊಳ್ಳದಿದ್ದರೆ ಈ ಉಳಿತಾಯದ ಒಂದು ಪಾಲು ಅಲ್ಲೇ ಹೋಗುತ್ತದೆ.

ಅದೇ 88 ಆ ವರ್ಷದ ಆಗಸ್ಟ್ 29ರಂದು ಮುರಿಯಿತು. ಬ್ರೆಂಟ್ ಆಗ 70ರ ಕೆಳಗೇ ಇತ್ತು, ಆದರೆ ಅಮೆರಿಕದ ಶೇ. 50ರ ಸುಂಕ 27ರಿಂದಲೇ ಜಾರಿಗೆ ಬಂದಿತ್ತು. ರಫ್ತುದಾರರಿಂದ ಮುಂದೆ ಬರುವ ಡಾಲರೇ ಕಡಿಮೆಯಾದೀತು ಎಂಬ ಎಣಿಕೆ ಅದು, ಒಂದು ಬೆಳಗಿನ ಗಾಬರಿಯಲ್ಲ. ದಿನದ ಕೊನೆಗೂ ದರ 88ರ ಮೇಲೆಯೇ ಉಳಿಯಿತು. ಫೆಬ್ರವರಿಯಲ್ಲಿ ನಾವು 88.15ರ ಆರ್ಡರ್ ಇಟ್ಟದ್ದು ಇಂಥ ದಿನಕ್ಕೆ.