ಆಫರ್ ಲೆಟರ್ ಬಂತಾ? ಕಂಪ್ನಿ ಇದೆಯಾ ಅಂತಲ್ಲ, ಕಳ್ಸಿದ್ದು ಯಾರು ಅಂತ ನೋಡಿ

ನಮ್ಮ ಸೈಬರ್ ಸೆಂಟರ್‌ಗೆ ವಾರಕ್ಕೆ ಒಬ್ರಾದ್ರೂ ಆಫರ್ ಲೆಟರ್ ಪ್ರಿಂಟ್ ಹಾಕಿಸೋಕೆ ಬರ್ತಾರೆ. ಹೋದ ತಿಂಗಳು ಬಿಕಾಂ ಮುಗಿಸಿದ ಹುಡುಗಿ ಒಬ್ಳು ಅವ್ರಪ್ಪನ ಜೊತೆ ಬಂದಿದ್ಲು. ಮನೇಲೇ ಕೂತು ಡೇಟಾ ಎಂಟ್ರಿ, ತಿಂಗ್ಳಿಗೆ 28,000 ಸಂಬಳ, ಲ್ಯಾಪ್‌ಟಾಪ್ ಕಳ್ಸೋಕೆ 4,850 ರೂಪಾಯಿ ಡೆಪಾಸಿಟ್, ಅದೂ ವಾಪಸ್ ಕೊಡ್ತಾರಂತೆ. ನಾನು ಬಾಯಿ ಬಿಡೋಕ್ ಮುಂಚೆನೇ "ಸಾರ್, ಚೆಕ್ ಮಾಡಿದೀನಿ, ಕಂಪ್ನಿ ಗೌರ್ಮೆಂಟ್ ಸೈಟಲ್ಲೇ ಇದೆ" ಅಂದ್ಲು. ನೋಡಿದ್ರೆ ನಿಜವಾಗ್ಲೂ ಇತ್ತು. ಎಲ್ರೂ ಎಡವೋದು ಇಲ್ಲೇ. ಕಂಪ್ನಿ ಇರ್ಬೋದು, ಆದ್ರೆ ನಿಮಗೆ ಲೆಟರ್ ಕಳ್ಸಿದವನು ಆ ಕಂಪ್ನಿಯವನೇನಾ?

ಮೊದ್ಲು ರಿಜಿಸ್ಟ್ರೇಷನ್

ಪ್ರೈವೇಟ್ ಲಿಮಿಟೆಡ್ ಅಂತ ಹಾಕ್ಕೊಂಡಿದ್ರೆ ಲೆಟರ್‌ಹೆಡ್ಡಲ್ಲಿ ಸಿಐಎನ್ ಅನ್ನೋ ಕಂಪ್ನಿ ರಿಜಿಸ್ಟ್ರೇಷನ್ ನಂಬರ್ ಇರ್ಲೇಬೇಕು, 2013ರ ಕಂಪ್ನಿ ಕಾಯ್ದೆನೇ ಹಾಗೆ ಹೇಳುತ್ತೆ. ಇಲ್ಲ ಅಂದ್ರೆ ಕೇಳಿ. ಆ ಹುಡುಗಿ ಲೆಟರಲ್ಲಿ ಹೀಗಿತ್ತು, ಕೊನೇ ಆರು ಅಂಕಿ ನಾನು ಮುಚ್ಚಿದೀನಿ:

```
U72200KA2011PTCxxxxxx
```

U ಅಂದ್ರೆ ಶೇರು ಮಾರ್ಕೆಟ್ಟಲ್ಲಿ ಇಲ್ಲದ ಕಂಪ್ನಿ, ಆಮೇಲಿನ ಐದು ಅಂಕಿ ಏನು ವ್ಯಾಪಾರ ಅನ್ನೋದು, KA ನಮ್ಮ ಕರ್ನಾಟಕ, 2011 ಶುರುವಾದ ವರ್ಷ, PTC ಪ್ರೈವೇಟ್ ಲಿಮಿಟೆಡ್. ಗೌರ್ಮೆಂಟಿನ mca.gov.in ಸೈಟಲ್ಲಿ ಮಾಸ್ಟರ್ ಡೇಟಾ ಅಂತ ಇದೆ, ಅಲ್ಲಿ ಈ ನಂಬರ್ ಹಾಕಿ, ಲಾಗಿನ್ ಕೇಳಿದ್ರೆ ಫ್ರೀ ಅಕೌಂಟ್ ಮಾಡ್ಕೊಳ್ಳಿ. ಅದೇ ಮಾಹಿತಿ ಕಾಪಿ ಹೊಡೆದು ತೋರ್ಸೋ ಪ್ರೈವೇಟ್ ಸೈಟ್‌ಗಳು ಬೇಡ, ಹಳೇದು ಇರುತ್ತೆ, ಆಮೇಲೆ "ಫುಲ್ ರಿಪೋರ್ಟ್‌ಗೆ ದುಡ್ಡು ಕಟ್ಟಿ" ಅಂತ ಶುರು ಮಾಡ್ತವೆ.

ಸ್ಟೇಟಸ್ Active ಇದೆಯಾ, ಕೊನೇ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಅಂತ ನೋಡಿ. ಬಂಡವಾಳ ಬರೀ ಒಂದು ಲಕ್ಷ ಇದ್ರೆ ಗಾಬರಿ ಬೇಡ, ಒಳ್ಳೇ ಕಂಪ್ನಿಗಳಿಗೂ ಅಷ್ಟೇ ಇರುತ್ತೆ. ಅಲ್ಲಿರೋ ವಿಳಾಸ ಮತ್ತೆ ಇ-ಮೇಲ್ ಐಡಿ ಎರಡನ್ನೂ ಒಂದು ಚೀಟೀಲಿ ಬರ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಪ್ರೊಪ್ರೈಟರ್‌ಶಿಪ್ ಆದ್ರೆ ಅಲ್ಲಿ ಸಿಗಲ್ಲ, ಸಿಗ್ಲಿಲ್ಲ ಅಂತ ಫೇಕ್ ಅನ್ಬೇಡಿ. ಅಂಥವರ ಹತ್ರ ಜಿಎಸ್‌ಟಿ ನಂಬರ್ ಇದ್ರೆ gst.gov.in ಅಲ್ಲಿ ಹಾಕಿ. ಹದಿನೈದು ಅಕ್ಷರದಲ್ಲಿ ಆರನೇದು ನೋಡಿ: ಕಂಪ್ನಿ ಆದ್ರೆ C, ಒಬ್ಬ ವ್ಯಕ್ತಿ ಆದ್ರೆ P. ಲೆಟರಲ್ಲಿ ಪ್ರೈವೇಟ್ ಲಿಮಿಟೆಡ್ ಅಂತಿದ್ದು ಆರನೇ ಅಕ್ಷರ P ಬಂದ್ರೆ ಆ ನಂಬರ್ ಬೇರೆ ಯಾರ್ದೋ. ಇನ್ನು ಐಎಸ್‌ಒ, ಉದ್ಯಮ್ ಅಂತ ಸರ್ಟಿಫಿಕೇಟ್ ಪಿಡಿಎಫ್ ಕಳ್ಸಿದ್ರೆ ನಂಬ್ಕೊಂಡು ಕೂರ್ಬೇಡಿ, ಉದ್ಯಮ್ ನಾವೇ ಘೋಷಣೆ ಮಾಡ್ಕೊಳ್ಳೋ ರಿಜಿಸ್ಟ್ರೇಷನ್ನು, ಉಳಿದದ್ದು ಫೋಟೋಶಾಪಲ್ಲಿ ಹತ್ತು ನಿಮಿಷದ ಕೆಲ್ಸ ಅಂತ ಡಿಟಿಪಿ ಮಾಡೋ ನಾನೇ ಹೇಳ್ತಿದೀನಿ.

ವೆಬ್‌ಸೈಟಿನ ವಯಸ್ಸು

lookup.icann.org ಗೆ ಹೋಗಿ ಡೊಮೈನ್ ಹೆಸರು ಹಾಕಿ, Created ಅನ್ನೋ ತಾರೀಖು ನೋಡಿ, ಅಷ್ಟೇ. ಆ ಹುಡುಗಿ ಲೆಟರಲ್ಲಿದ್ದ ಸೈಟಿಗೆ ಹತ್ತೊಂಬತ್ತು ದಿನ ಆಗಿತ್ತು. 2011ರ ಕಂಪ್ನಿಗೆ ಹತ್ತೊಂಬತ್ತು ದಿನದ ಸೈಟು! ಆದ್ರೆ ಹಳೇ ಡೊಮೈನ್ ಅಂದ ಮಾತ್ರಕ್ಕೆ ಸಾಚಾ ಅಂತಲ್ಲ, ಯಾರೋ ಬಿಟ್ಟಿದ್ದನ್ನ ಇನ್ಯಾರೋ ಕೊಂಡ್ಕೊಂಡಿರ್ಬೋದು. web.archive.org ಅಲ್ಲಿ ಹಳೇ ಪೇಜ್ ತೆಗೆದು ನೋಡಿ, ಮೂರು ವರ್ಷದ ಹಿಂದೆ ಅಲ್ಲಿ ಅಡುಗೆ ಬ್ಲಾಗ್ ಇದ್ರೆ ಅರ್ಥ ಆಯ್ತಲ್ಲ. ಬೀಗದ ಚಿಹ್ನೆ ಇದೆ ಸಾರ್ ಅಂತಾರೆ ತುಂಬಾ ಜನ, ಆ ಬೀಗ ಕಳ್ಳನಿಗೂ ಫ್ರೀಯಾಗೇ ಸಿಗುತ್ತೆ.

ಇ-ಮೇಲ್, ಇಲ್ಲಿ ನಿಧಾನಕ್ಕೆ ಹೋಗಿ

ಮೊಬೈಲಲ್ಲಿ ಮೇಲ್ ತೆಗೆದ್ರೆ ಕಳ್ಸಿದವರ ಹೆಸರು ಮಾತ್ರ ಕಾಣುತ್ತೆ. ಆ ಹೆಸರಿನ ಜಾಗದಲ್ಲಿ ಯಾರು ಏನ್ ಬೇಕಾದ್ರೂ ಬರ್ಕೋಬೋದು. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ತೆಗೀರಿ, @ ಆದ್ಮೇಲಿನ ಭಾಗವನ್ನ ಬಲಗಡೆಯಿಂದ ಎಡಕ್ಕೆ ಓದಿ. ಅವಳಿಗೆ ಬಂದಿದ್ದು ಹೆಚ್ಚುಕಮ್ಮಿ ಈ ಥರ ಇತ್ತು, ಕಂಪ್ನಿ ಹೆಸರಿನ ಜಾಗದಲ್ಲಿ example ಅಂತ ಹಾಕಿದೀನಿ:

```
hr@example.com.careers-desk.example
```

ಎಡಗಡೆಯಿಂದ ಓದಿದ್ರೆ ಕಣ್ಣು example.com ಗೆ ನಿಂತ್ಬಿಡುತ್ತೆ, ಸರಿ ಇದೆ ಅನ್ಸುತ್ತೆ. ಆದ್ರೆ ಡೊಮೈನಿನ ಯಜಮಾನ ಯಾರು ಅನ್ನೋದು ಬಲತುದೀಲಿರೋ ಎರಡು ತುಂಡಲ್ಲಿ ಇರುತ್ತೆ (ಕೊನೇಲಿ .co.in ಇದ್ರೆ ಮೂರು ತುಂಡು). ಇಲ್ಲಿ ಯಜಮಾನ careers-desk ಅನ್ನೋನು, ಅವನ ಮುಂದೆ ಯಾವ ಕಂಪ್ನಿ ಹೆಸರು ಬೇಕಾದ್ರೂ ಅಂಟಿಸ್ಕೋಬೋದು. m ಬದ್ಲು r ಮತ್ತೆ n ಪಕ್ಕ ಪಕ್ಕ ಹಾಕೋದು ಇನ್ನೊಂದು ಹಳೇ ಆಟ, ಚಿಕ್ಕ ಸ್ಕ್ರೀನಲ್ಲಿ ಗೊತ್ತೇ ಆಗಲ್ಲ, ಕಾಪಿ ಮಾಡಿ ದೊಡ್ಡ ಅಕ್ಷರದಲ್ಲಿ ಪೇಸ್ಟ್ ಮಾಡಿ ನೋಡಿ.

ಆಮೇಲೆ ಕಂಪ್ಯೂಟರಲ್ಲಿ ಜಿಮೇಲ್ ತೆಗೆದು, ಆ ಮೇಲ್ ತೆರೆದು Reply ಪಕ್ಕದ ಮೂರು ಚುಕ್ಕಿ ಒತ್ತಿ Show original ಗೆ ಹೋಗಿ. ಅಲ್ಲಿ SPF, DKIM, DMARC ಎದುರಿಗೆ PASS ಅಂತ ಕಂಡ್ರೆ ಖುಷಿಯಾಗ್ಬೇಡಿ. ಮೇಲ್ ನಿಜವಾಗ್ಲೂ ಆ ಡೊಮೈನಿಂದ್ಲೇ ಬಂದಿದೆ ಅಂತ ಅಷ್ಟೇ ಅದರ ಅರ್ಥ, ಕಳ್ಳ ತನ್ನ ಸ್ವಂತ ಡೊಮೈನಿಂದ ಕಳ್ಸಿದ್ರೂ PASS ಬರುತ್ತೆ. ಡೊಮೈನ್ ಅಸಲಿ ಕಂಪ್ನಿದೇ ಇದ್ದು FAIL ಅಂತ ಬಂದ್ರೂ ಅನುಮಾನ ಪಡಿ.

ಈಗ ಚೀಟಿ ತೆಗೀರಿ. ಮಾಸ್ಟರ್ ಡೇಟಾದ ಇ-ಮೇಲ್ ಡೊಮೈನು, ನಿಮಗೆ ಬಂದ ಮೇಲಿನ ಡೊಮೈನು ಎರಡೂ ಒಂದೇನಾ? ಎಷ್ಟೋ ಚಿಕ್ಕ ಕಂಪ್ನಿಯವರು ಅಲ್ಲಿ ತಮ್ಮ ಆಡಿಟರ್ ಜಿಮೇಲ್ ಕೊಟ್ಟಿರ್ತಾರೆ, ಹಾಗಾಗಿ ಬೇರೆ ಇದ್ದ ಮಾತ್ರಕ್ಕೆ ಮೋಸ ಅನ್ನೋಕಾಗಲ್ಲ. ನಮ್ಮ ಕೇಸಲ್ಲಿ ಮಾಸ್ಟರ್ ಡೇಟಾದ ಡೊಮೈನ್ ಬೇರೆ ಇತ್ತು, ಅದನ್ನ ಬ್ರೌಸರಲ್ಲಿ ಹಾಕಿದ್ರೆ ಕಂಪ್ನಿಯ ಅಸಲಿ ಸೈಟು ಬಂತು, ಹಳೇ ಕಾಲದ ಡಿಸೈನು, ಕೆಳಗೆ ಲ್ಯಾಂಡ್‌ಲೈನ್ ನಂಬರ್. ಫೋನ್ ಮಾಡೋದಾದ್ರೆ ಯಾವಾಗ್ಲೂ ಈ ಥರ ನೀವೇ ಹುಡುಕಿದ ನಂಬರಿಗೆ ಮಾಡಿ, ಲೆಟರಲ್ಲಿರೋ ನಂಬರಿಗೆ ಮಾಡಿದ್ರೆ ಅವನೇ ಎತ್ತಿ "ಹೌದು ನಾವೇ" ಅಂತಾನೆ. ನಾವು ಆ ಲ್ಯಾಂಡ್‌ಲೈನಿಗೆ ಮಾಡಿದಾಗ ಎತ್ತಿದ ಹೆಂಗಸು "ಅಯ್ಯೋ, ಈ ವಾರ ನೀವು ಮೂರನೇಯವ್ರು, ನಾವು ಡೇಟಾ ಎಂಟ್ರಿಗೆ ಜನ ತಗೊಳ್ಳೋದೇ ಇಲ್ಲ" ಅಂದ್ರು.

ದುಡ್ಡಿನ ಜಾಡು

ಇದಕ್ಕೆ ಎರಡು ದಿಕ್ಕು. ಒಂದು, ಕಂಪ್ನಿ ಸಂಬಳ ಕೊಡ್ತಿದೆಯಾ ಅನ್ನೋದು. ಇಪ್ಪತ್ತು ಅಥವಾ ಹೆಚ್ಚು ಜನ ಇದ್ರೆ ಪಿಎಫ್ ಕಟ್ಟಲೇಬೇಕು, ಇಪಿಎಫ್‌ಒ ಸೈಟಲ್ಲಿ Establishment Search ಅಂತ ಇದೆ, ಕಂಪ್ನಿ ಹೆಸರು ಹಾಕಿದ್ರೆ ಯಾವ ತಿಂಗಳು ಎಷ್ಟು ಜನಕ್ಕೆ ಕಟ್ಟಿದಾರೆ ಅಂತ ತೋರ್ಸುತ್ತೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಲೆಟರಲ್ಲಿ "1200ಕ್ಕೂ ಹೆಚ್ಚು ಉದ್ಯೋಗಿಗಳು" ಅಂತ ಇತ್ತು, ಪಿಎಫ್ ಕಟ್ಟಿದ್ದು 34 ಜನಕ್ಕೆ.

ಇನ್ನೊಂದು, ನಿಮ್ಮ ದುಡ್ಡು ಯಾರಿಗೆ ಹೋಗುತ್ತೆ ಅನ್ನೋದು. ಕೆಲ್ಸ ಕೊಡೋನಿಗೆ ನಾವು ದುಡ್ಡು ಕೊಡೋದು ಅನ್ನೋದೇ ಇಲ್ಲ, ಟ್ರೈನಿಂಗು, ಲ್ಯಾಪ್‌ಟಾಪು, ವೆರಿಫಿಕೇಷನ್ನು ಏನೇ ಹೆಸರಿಡ್ಲಿ. ಆದ್ರೂ ಅನುಮಾನ ತೀರ್ಲಿಲ್ಲ ಅಂದ್ರೆ ಅವರು ಕೊಟ್ಟ ಯುಪಿಐ ಐಡಿನ ಆ್ಯಪಲ್ಲಿ ಹಾಕಿ, ಪಿನ್ ಒತ್ತೋಕ್ ಮುಂಚೆ ಅಕೌಂಟಿನ ಹೆಸರು ಬರುತ್ತೆ, ಅಲ್ಲೇ ನಿಲ್ಲಿ. ಕಂಪ್ನಿ ಹೆಸರು ಬರ್ಬೇಕಿತ್ತು, ನಮಗೆ ಬಂದಿದ್ದು ಯಾವುದೋ ಒಬ್ಬ ಮನುಷ್ಯನ ಹೆಸರು. "ಅವ್ರು ನಮ್ಮ ಅಕೌಂಟ್ಸ್ ಮ್ಯಾನೇಜರ್" ಅಂತ ವಾಟ್ಸಾಪಲ್ಲಿ ತಕ್ಷಣ ಉತ್ತರ ಬೇರೆ.

ಆ ಹುಡುಗಿ ಹತ್ರ ಒಂದೇ ಲೈನ್ ಟೈಪ್ ಮಾಡಿಸ್ದೆ, "ಡೆಪಾಸಿಟ್ ನನ್ನ ಮೊದಲ್ನೇ ಸಂಬಳದಲ್ಲಿ ಹಿಡ್ಕೊಳ್ಳಿ ಸಾರ್" ಅಂತ. ನೀಲಿ ಟಿಕ್ ಬಂತು, ಐದು ನಿಮಿಷಕ್ಕೆ ಡಿಪಿ ಮಾಯ, ಬ್ಲಾಕ್ ಮಾಡಿದ್ದ.

ಆಗ್ಲೇ ದುಡ್ಡು ಹಾಕ್ಬಿಟ್ಟಿದ್ರೆ ನಾಚ್ಕೊಂಡು ಕೂರ್ದೆ 1930ಗೆ ಫೋನ್ ಮಾಡಿ, ಇಲ್ಲ cybercrime.gov.in ಅಲ್ಲಿ ಕಂಪ್ಲೇಂಟ್ ಹಾಕಿ. ಅದಕ್ಕಿಂತ ಮುಂಚೆ ಯುಪಿಐ ಆ್ಯಪ್ ತೆಗೆದು ಆ ಪೇಮೆಂಟಿನ 12 ಅಂಕಿಯ ಯುಟಿಆರ್ ನಂಬರ್ ಬರೆದಿಟ್ಕೊಳ್ಳಿ, ಅದು ಬೇಕೇ ಬೇಕು. ವಾಟ್ಸಾಪ್ ಚಾಟ್ ಡಿಲೀಟ್ ಮಾಡ್ಬೇಡಿ, ಎಷ್ಟೋ ಜನ ಸಿಟ್ಟಲ್ಲಿ ಮೊದ್ಲು ಮಾಡೋದೇ ಅದು.